ಕರೆ ಮುಗಿದರೂ ಪರದೆ ತೆರೆದೇ ಇತ್ತು

ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟರು. ಕೆಟ್ಟಿದ್ದೇನೂ ಇರಲಿಲ್ಲ. ಅವರಿಗೆ ಭಯವಾಗಿತ್ತು, ಅಷ್ಟೆ. ಹಿಂದಿನ ದಿನ ವಿದೇಶದಲ್ಲಿರುವ ಅಕ್ಕನ ಮಗಳು ಅವರ ಪರದೆ ನೋಡುತ್ತಾ ಪ್ರಿಂಟರ್ ಸರಿಮಾಡಿಸಿದ್ದಳು. ಕೆಲಸ ಮುಗಿಯಿತು, ಇವರು ಮೊಬೈಲಿನ ವಿಡಿಯೋ ಕರೆ ಕಟ್ ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮತ್ತೆ ಫೋನ್ ಮಾಡಿದಳು: "ಚಿಕ್ಕಮ್ಮ, ನೀವೀಗ ಬ್ಯಾಂಕಿನ ಪುಟ ತೆರೆದಿದ್ದೀರಿ ಅಲ್ವಾ? ನನಗೆ ಎಲ್ಲಾ ಕಾಣಿಸ್ತಿದೆ, ಮೊದಲು ಮುಚ್ಚಿಬಿಡಿ."

ಮಾತಿನ ಕರೆ ಬೇರೆ, ಪರದೆಯ ಸಂಪರ್ಕ ಬೇರೆ. ಮಾತು ಮೊಬೈಲಿನಲ್ಲಿ ನಡೆಯುತ್ತಿತ್ತು, ಪರದೆ ಲ್ಯಾಪ್‌ಟಾಪಿನಿಂದ ಹೋಗುತ್ತಿತ್ತು. ಒಂದನ್ನು ಕಟ್ ಮಾಡಿದರೆ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಆ ಕಡೆ ಇದ್ದದ್ದು ಮನೆಯ ಹುಡುಗಿ, ಅವಳೇ ಎಚ್ಚರಿಸಿದಳು. ಆದರೂ ಅವಳ ಹಿಂದೆ ಯಾರು ಕುಳಿತಿದ್ದರು, ಅವಳು ಲ್ಯಾಪ್‌ಟಾಪ್ ತೆರೆದಿಟ್ಟು ಎದ್ದು ಹೋಗಿದ್ದಳೇ ಎಂಬುದು ಇವರಿಗೆ ಕಾಣುವಂತಿರಲಿಲ್ಲ.

ಅವರನ್ನು ಕೂರಿಸಿಕೊಂಡು ಮೊದಲಿನಿಂದ ಒಂದು ಸಲ ಮಾಡಿ ತೋರಿಸಿದೆ. ಅವರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇತ್ತು. ಅದರ ಜೊತೆಗೇ ಬರುವ Quick Assist ಎಂಬ ಪ್ರೋಗ್ರಾಂ ಇಂಥ ಕೆಲಸಕ್ಕೆ ಸಾಕು. ಸರ್ಚ್ ಮಾಡಿ ಸಿಕ್ಕಿದ ಸೈಟಿನಿಂದ ಬೇರೆ ಯಾವುದನ್ನೋ ಇಳಿಸಿಕೊಳ್ಳುವುದು ನನಗೆ ಇಷ್ಟವಿಲ್ಲ, ಏಕೆಂದರೆ ಅಸಲಿ ಹೆಸರಿನಲ್ಲೇ ನಕಲಿ ಸೈಟುಗಳೂ ಇರುತ್ತವೆ. ಕೀಬೋರ್ಡಿನಲ್ಲಿ Ctrl, ವಿಂಡೋಸ್ ಗುರುತಿನ ಕೀ ಮತ್ತು Q ಒಟ್ಟಿಗೆ ಒತ್ತಿದರೆ Quick Assist ತೆರೆಯುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎರಡೂ ಕಡೆಯ ಕಂಪ್ಯೂಟರ್ ಜೋಡಿಸಲು ಒಂದು ಕೋಡ್ ಬೇಕು. ಅದು ಹುಟ್ಟುವುದು ನಿಮ್ಮ ಕಡೆ ಅಲ್ಲ, ಸಹಾಯ ಮಾಡುವವರ ಕಡೆ. ಅವರು ತಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಕೋಡ್ ಪಡೆಯುತ್ತಾರೆ, ಅದನ್ನು ನಿಮಗೆ ಹೇಳುತ್ತಾರೆ, ನೀವು ನಿಮ್ಮ ಪರದೆಯಲ್ಲಿ ಟೈಪ್ ಮಾಡುತ್ತೀರಿ. ನೀವು ಯಾವ ಖಾತೆಗೂ ಲಾಗಿನ್ ಆಗಬೇಕಿಲ್ಲ. ಕೋಡಿಗೆ ಹತ್ತೇ ನಿಮಿಷ ಆಯಸ್ಸು. "ಓಟಿಪಿ ಯಾರಿಗೂ ಹೇಳಬೇಡಿ" ಎಂದು ಕೇಳಿ ಕೇಳಿ ನಮಗೆ ಅಭ್ಯಾಸವಾಗಿದೆ. ಈ ಕೋಡಿನ ದಾರಿ ಅದಕ್ಕೆ ಉಲ್ಟಾ. ಇಲ್ಲಿ ನಿಮ್ಮಿಂದ ಯಾರೂ ಏನೂ ಕೇಳುವುದಿಲ್ಲ, ಅವರೇ ಕೊಡುತ್ತಾರೆ. ಹಾಗಾಗಿಯೇ ಮೋಸಗಾರರಿಗೂ ಇದು ಸುಲಭ. "ನಾನು ಹೇಳುವ ಅಕ್ಷರಗಳನ್ನು ಟೈಪ್ ಮಾಡಿ" ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಆದ್ದರಿಂದ ಕರೆ ನಿಮ್ಮಿಂದ ಹೋಗಲಿ. ನೀವು ಮೊದಲೇ ಸೇವ್ ಮಾಡಿಕೊಂಡ ನಂಬರಿಗೆ ನೀವೇ ವಿಡಿಯೋ ಕರೆ ಮಾಡಿ, ಮುಖ ನೋಡಿ, ಮಾತಾಡಿ, ಆಮೇಲೆ ಕೋಡ್ ಕೇಳಿ. ಮೆಸೇಜಿನಲ್ಲಿ ಬಂದ ಕೋಡನ್ನು ಸುಮ್ನೆ ಟೈಪ್ ಮಾಡಬೇಡಿ. ಸಂಬಂಧಿಕರ ಖಾತೆಯೇ ಬೇರೆಯವರ ಕೈಗೆ ಹೋಗಿದ್ದರೆ ಮೆಸೇಜ್ ಅವರ ಹೆಸರಲ್ಲೇ ಬರುತ್ತದೆ.

ಕೋಡ್ ಹಾಕುವ ಮುಂಚೆ ಎರಡು ನಿಮಿಷ ಮನೆ ಗುಡಿಸಿದ ಹಾಗೆ ಪರದೆಯನ್ನು ಚೊಕ್ಕ ಮಾಡಿಕೊಳ್ಳಿ. ಬ್ಯಾಂಕ್, ಇಮೇಲ್, ಫೋಟೋ ಎಲ್ಲಾ ಮುಚ್ಚಿ. ಜಾಸ್ತಿ ಜನ ಮರೆಯುವುದು ಮೂಲೆಯಲ್ಲಿ ಹಾರಿ ಬರುವ ನೋಟಿಫಿಕೇಶನ್‌ಗಳನ್ನು. ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ತೆರೆದಿದ್ದರೆ ಅಥವಾ ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿದ್ದರೆ, ಅಲ್ಲಿಗೆ ಬಂದ ಮೆಸೇಜಿನ ಮೊದಲ ಸಾಲು ಆ ಕಡೆಯವರಿಗೂ ಕಾಣುತ್ತದೆ.

ಕೋಡ್ ಹಾಕಿದ ಮೇಲೆ, ಪರದೆ ಹಂಚಿಕೊಳ್ಳಲು ಒಪ್ಪಿಗೆಯೇ ಎಂದು ಕಂಪ್ಯೂಟರ್ ನಿಮ್ಮನ್ನು ಕೇಳುತ್ತದೆ. Allow ಒತ್ತಿದರೆ ಅವರಿಗೆ ಪರದೆ ಕಾಣುತ್ತದೆ. ಕಾಣುತ್ತದೆ ಮಾತ್ರ, ಅವರು ಮೌಸ್ ಆಡಿಸಲಾರರು. ಮೌಸ್ ಬೇಕೆಂದರೆ ಅವರು ಬೇರೆಯಾಗಿ ಕೇಳಬೇಕು, ನೀವು ಮತ್ತೊಮ್ಮೆ ಒಪ್ಪಬೇಕು. ಈ ಎರಡನೇ ಒಪ್ಪಿಗೆ ಮನೆಯವರಿಗೂ ಸುಲಭವಾಗಿ ಕೊಡಬೇಡಿ ಎನ್ನುತ್ತೇನೆ. ಅಪನಂಬಿಕೆಯಿಂದಲ್ಲ. ಅವರು ಮೌಸ್ ಹಿಡಿದರೆ ಬಾಣದ ಗುರುತು ಸರಸರ ಓಡುತ್ತದೆ, ಏನಾಯಿತು ಎಂದು ನಿಮಗೆ ಗೊತ್ತಾಗುವುದೇ ಇಲ್ಲ. ಮುಂದಿನ ಸಲ ಮತ್ತೆ ಅವರನ್ನೇ ಕರೆಯಬೇಕು.

ಆ ಶಿಕ್ಷಕಿಯ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ತೊಂದರೆ ಇತ್ತು. ಪರದೆಯ ಬಲಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಎಂಬ ಚೌಕ ಪದೇ ಪದೇ ಹಾರುತ್ತಿತ್ತು. ಅಕ್ಕನ ಮಗಳಿಗೆ ಅಲ್ಲಿಂದಲೇ ವಿಡಿಯೋ ಕರೆ ಮಾಡಿಸಿದೆ. ಈ ಸಲ ಅವಳು ಬರೀ ನೋಡುತ್ತಾ ಹೇಳಿದಳು. ಕ್ರೋಮ್‌ನ ಮೇಲಿನ ಪಟ್ಟಿಯಲ್ಲಿ ಇದನ್ನು ಟೈಪ್ ಮಾಡಿಸಿದಳು:

```
chrome://settings/content/notifications
```

ನೋಟಿಫಿಕೇಶನ್ ಕಳಿಸಲು ಅನುಮತಿ ಪಡೆದ ಸೈಟುಗಳ ಪಟ್ಟಿ ಬಂತು. ಅದರಲ್ಲಿ ಶಿಕ್ಷಕಿಗೆ ಗುರುತೇ ಇಲ್ಲದ ಒಂದು ವಿಳಾಸವಿತ್ತು. ಎಂದೋ ಯಾವುದೋ ಪುಟದಲ್ಲಿ ಅರಿಯದೆ Allow ಒತ್ತಿದ್ದರು, ಅಷ್ಟೇ. "ಚಿಕ್ಕಮ್ಮ, ಆ ಸಾಲಿನ ಕೊನೆಯಲ್ಲಿ ಮೂರು ಚುಕ್ಕೆ ಇದೆ ನೋಡಿ, ಅದನ್ನು ಒತ್ತಿ ತೆಗೆದುಹಾಕಿ" ಎಂದಳು. ತೆಗೆದರು. ಚೌಕ ನಿಂತಿತು. ಅವಳು ಮೌಸ್ ಮುಟ್ಟಲೇ ಇಲ್ಲ.

ಮೌಸ್ ಕೊಡಲೇಬೇಕಾದಾಗಲೂ ಒಂದು ಗೆರೆ ಇದೆ. ಏನನ್ನಾದರೂ ಇನ್‌ಸ್ಟಾಲ್ ಮಾಡುವಾಗ ಪರದೆ ಮಬ್ಬಾಗಿ ವಿಂಡೋಸ್ ಅನುಮತಿ ಕೇಳುತ್ತದಲ್ಲ, ಸಾಮಾನ್ಯವಾಗಿ ಆ ಹೊತ್ತಿಗೆ ಅವರಿಗೆ ಏನೂ ಕಾಣುವುದಿಲ್ಲ. ಉತ್ತರ ನೀವೇ ಕೊಡಬೇಕು. ಅಲ್ಲಿ ಬರೆದ ಪ್ರೋಗ್ರಾಮಿನ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿ, ಅವರು ಹೌದು ಎಂದ ಮೇಲೆ ಒತ್ತಿ. ಬ್ಯಾಂಕಿನ ಕೆಲಸ ಬಂದರೆ ಮಾತ್ರ ಸಂಪರ್ಕ ಮುಗಿಸಿಯೇ ಮಾಡಿ. ಮತ್ತೆ ಬೇಕಾದರೆ ಹೊಸ ಕೋಡ್ ಪಡೆಯುವುದು ಒಂದು ನಿಮಿಷದ ಕೆಲಸ.

ಇನ್ನು ಮುಗಿಸುವುದು. ಮೊದಲು ಪರದೆ, ಆಮೇಲೆ ಮಾತು, ಈ ಕ್ರಮ ತಪ್ಪಬಾರದು. ವಿಡಿಯೋ ಕರೆ ನಡೆಯುತ್ತಿರುವಾಗಲೇ Quick Assist ಕಿಟಕಿಯಲ್ಲಿ Leave ಒತ್ತಿ, ನಂತರ ಕಿಟಕಿಯನ್ನೂ ಮುಚ್ಚಿ. ಆಮೇಲೆ ಕೇಳಿ: "ಈಗ ನಿನಗೆ ಏನು ಕಾಣ್ತಿದೆ?" ಕಿಟಕಿಯನ್ನು ಕೆಳಗೆ ಇಳಿಸಿದರೆ, ಮಾನಿಟರ್ ಮಾತ್ರ ಆರಿಸಿದರೆ ಸಂಪರ್ಕ ಕಡಿಯುವುದಿಲ್ಲ. ಯಾವ ಬಟನ್ ಎಂದು ತೋಚದೆ ಗಾಬರಿಯಾದರೆ ವೈಫೈ ಆರಿಸಿ, ಕೇಬಲ್ ಇದ್ದರೆ ಕಿತ್ತುಬಿಡಿ. ಇಂಟರ್‌ನೆಟ್ ಇಲ್ಲದೆ ಯಾರೂ ನಿಮ್ಮ ಪರದೆ ನೋಡಲಾರರು.

ಕೆಲವು ಮನೆಗಳಲ್ಲಿ ಇದೇ ಕೆಲಸಕ್ಕೆ Quick Assist ಬದಲು ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಬಳಸುತ್ತಾರೆ. ಅಲ್ಲಿ ಕೋಡ್ ಹುಟ್ಟುವುದು ನಿಮ್ಮ ಕಡೆ, ನೀವು ಹೇಳಬೇಕು. ಅದರಲ್ಲೇ ಪಿನ್ ಇಟ್ಟು ನಿಮ್ಮ ಕಂಪ್ಯೂಟರಿಗೆ ಯಾವಾಗ ಬೇಕಾದರೂ ಬರುವ ಇನ್ನೊಂದು ವ್ಯವಸ್ಥೆಯೂ ಇದೆ. "ಪ್ರತಿ ಸಲ ಕೋಡ್ ಯಾಕೆ, ಪಿನ್ ಇಟ್ಟುಬಿಡೋಣ" ಎಂದು ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆಗ ನೀವು ಎದುರಿಗಿಲ್ಲದಾಗಲೂ ಬಾಗಿಲು ತೆರೆಯುತ್ತದೆ, ಮಗನ ಖಾತೆಯೂ ಪಿನ್ನೂ ಕಳವಾದರೆ ಕದ್ದವನಿಗೂ ತೆರೆಯುತ್ತದೆ. ಹಾಗೆ ಮಾಡಿಟ್ಟಿದ್ದರೆ ಇವತ್ತೇ ಅವರ ಜೊತೆ ಕೂತು ತೆಗೆಸಿ. ಸಹಾಯದ ಹೊತ್ತಿನಲ್ಲಿ ಹೊಸ ಪ್ರೋಗ್ರಾಂ ಏನಾದರೂ ಹಾಕಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ Apps ವಿಭಾಗದಲ್ಲಿ ಪಟ್ಟಿ ನೋಡಿ, ಬೇಡದ್ದನ್ನು ಅಳಿಸಿ.

ಆ ಶಿಕ್ಷಕಿ ಹೊರಡುವ ಮುಂಚೆ Leave ಒತ್ತಿ, ಮೊಬೈಲಿನಲ್ಲಿ ಕೇಳಿದರು. "ಕಪ್ಪು ಪರದೆ ಕೂಡ ಇಲ್ಲ ಚಿಕ್ಕಮ್ಮ, ನೀವು ಹೋಗೇಬಿಟ್ಟಿರಿ" ಎಂದಳು ಅವಳು. ಆಮೇಲೆಯೇ ಅವರು ಕರೆ ಕಟ್ ಮಾಡಿದ್ದು.