ಓದುಗರ ಪ್ರಶ್ನೆ: ಸರ್ವರ್ ಕೆಟ್ಟಿದೆ, ಆದರೆ ಸತ್ತಿಲ್ಲ, ಲೋಡ್ ಬ್ಯಾಲೆನ್ಸರ್ ಏನು ಮಾಡುತ್ತದೆ?

ಪ್ರಶ್ನೆ: ಸಿಸ್ಟಮ್ ಡಿಸೈನ್ ಸಂದರ್ಶನದಲ್ಲಿ ನಾನು ಬೋರ್ಡಿನ ಮೇಲೆ ಮೊದಲ ಚೌಕವಾಗಿ ಲೋಡ್ ಬ್ಯಾಲೆನ್ಸರ್ ಬರೆದೆ. ಯಾವ ಅಲ್ಗಾರಿದಮ್ ಎಂದು ಕೇಳಿದರು. ರೌಂಡ್ ರಾಬಿನ್‌ಗಿಂತ ಮೇಲು ಎಂದು ಓದಿದ್ದರಿಂದ ಲೀಸ್ಟ್ ಕನೆಕ್ಷನ್ಸ್ ಎಂದೆ. ಆಗ ಅವರು, "ನಾಲ್ಕು ಸರ್ವರ್‌ಗಳಲ್ಲಿ ಒಂದು ಕೆಟ್ಟಿದೆ, ಆದರೆ ಸತ್ತಿಲ್ಲ. ಈಗೇನಾಗುತ್ತದೆ?" ಎಂದರು. ಹೆಲ್ತ್ ಚೆಕ್ ಅದನ್ನು ಸಾಲಿನಿಂದ ತೆಗೆಯುತ್ತದೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ನಾನು ಏನು ಹೇಳಬೇಕಿತ್ತು?

ಉತ್ತರ: ನೀವು ಕೊಟ್ಟ ಎರಡು ಉತ್ತರಗಳನ್ನೂ ಬಿಡಿಬಿಡಿಯಾಗಿ ತೆಗೆದುಕೊಂಡರೆ ತಪ್ಪೆನ್ನಲು ಬರುವುದಿಲ್ಲ. ಆದರೆ ಸಂದರ್ಶಕರು ಕೇಳಿದ್ದು ಅವೆರಡರ ನಡುವಿನ ಸಂಬಂಧವನ್ನು. ಅಲ್ಗಾರಿದಮ್ ಒಂದು ಆಯ್ಕೆ, ಹೆಲ್ತ್ ಚೆಕ್ ಇನ್ನೊಂದು ಆಯ್ಕೆ ಎಂದು ಪ್ರತ್ಯೇಕವಾಗಿ ಓದಿಕೊಂಡವರು ಈ ಜಾಗದಲ್ಲಿ ಎಡವುತ್ತಾರೆ. ಸಂದರ್ಶನ ನಡೆಸುವವನಾಗಿ ನಾನೂ ಇದೇ ಪ್ರಶ್ನೆಯನ್ನು ಕೇಳುತ್ತೇನೆ, ಏಕೆಂದರೆ ಇದಕ್ಕೆ ಉತ್ತರವನ್ನು ಬಾಯಿಪಾಠದಿಂದ ಕೊಡಲಾಗದು, ಲೆಕ್ಕ ಹಾಕಿಯೇ ಕೊಡಬೇಕು.

ಆ ಲೆಕ್ಕವನ್ನು ಇಲ್ಲಿಯೇ ಹಾಕೋಣ. ನಾಲ್ಕು ಸರ್ವರ್‌ಗಳಿಗೆ ಒಟ್ಟು ಸೆಕೆಂಡಿಗೆ 2000 ರಿಕ್ವೆಸ್ಟ್‌ಗಳು ಬರುತ್ತಿವೆ, ಪ್ರತಿಯೊಂದಕ್ಕೂ 200 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಬರುವ ವೇಗವನ್ನು ತಗಲುವ ಸಮಯದಿಂದ ಗುಣಿಸಿದರೆ ಯಾವುದೇ ಕ್ಷಣದಲ್ಲಿ ಒಳಗಿರುವ ರಿಕ್ವೆಸ್ಟ್‌ಗಳ ಸಂಖ್ಯೆ ಸಿಗುತ್ತದೆ: 2000 × 0.2, ಅಂದರೆ 400. ಹಾಗಾಗಿ ಪ್ರತಿ ಸರ್ವರ್‌ನಲ್ಲಿ 100 ಕನೆಕ್ಷನ್‌ಗಳಿರುತ್ತವೆ. ಈಗ ಡೇಟಾಬೇಸಿನ ಪಾಸ್‌ವರ್ಡ್ ಬದಲಾಯಿತು, ಮೂರು ಸರ್ವರ್‌ಗಳಿಗೆ ಹೊಸದು ತಲುಪಿತು, ನಾಲ್ಕನೆಯದರಲ್ಲಿ ಹಳೆಯದೇ ಉಳಿಯಿತು. ಆ ಸರ್ವರ್ ಡೇಟಾಬೇಸಿಗೆ ಹೋಗಿ ಕೆಲಸ ಮಾಡುವುದೇ ಇಲ್ಲ, ಬಂದ ರಿಕ್ವೆಸ್ಟ್‌ಗೆ 5 ಮಿಲಿಸೆಕೆಂಡಿನಲ್ಲಿ 500 ಎಂಬ ದೋಷದ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ರೌಂಡ್ ರಾಬಿನ್ ಇದ್ದಿದ್ದರೆ ಸರದಿಯಂತೆ ನಾಲ್ಕರಲ್ಲಿ ಒಂದು, ಅಂದರೆ 25% ರಿಕ್ವೆಸ್ಟ್‌ಗಳು ಹಾಳಾಗುತ್ತಿದ್ದವು. ಲೀಸ್ಟ್ ಕನೆಕ್ಷನ್ಸ್ ನಾಲ್ಕೂ ಕಡೆ ಕನೆಕ್ಷನ್‌ಗಳ ಸಂಖ್ಯೆಯನ್ನು ಸಮವಾಗಿಡಲು ನೋಡುತ್ತದೆ. ಕೆಟ್ಟ ಸರ್ವರ್ 40 ಪಟ್ಟು ಬೇಗ ಕೈ ಖಾಲಿ ಮಾಡಿಕೊಳ್ಳುವುದರಿಂದ, ಅದನ್ನು ಉಳಿದವುಗಳ ಸಮಕ್ಕೆ ತರಲು 40 ಪಟ್ಟು ಹೆಚ್ಚು ರಿಕ್ವೆಸ್ಟ್‌ಗಳನ್ನು ಅದಕ್ಕೇ ಕಳಿಸಬೇಕಾಗುತ್ತದೆ. ಒಳ್ಳೆಯ ಮೂರು ಸರ್ವರ್‌ಗಳ ಪಾಲು ತಲಾ 1 ಆದರೆ ಕೆಟ್ಟದ್ದರ ಪಾಲು 40. ಒಟ್ಟು 43ರಲ್ಲಿ 40, ಅಂದರೆ ಸುಮಾರು 93%. ಸೆಕೆಂಡಿಗೆ 1860 ಜನರಿಗೆ ದೋಷ ಕಾಣುತ್ತದೆ, ಒಳ್ಳೆಯ ಮೂರೂ ಸರ್ವರ್‌ಗಳು ಬಹುತೇಕ ಸುಮ್ಮನೆ ಕುಳಿತಿರುತ್ತವೆ. ಕೆಲಸ ಮಾಡದವನ ಮೇಜು ಸದಾ ಖಾಲಿಯಿರುವುದನ್ನು ಕಂಡು ಚುರುಕಿನವನೆಂದು ಭಾವಿಸಿ, ಬಂದ ಕಡತವನ್ನೆಲ್ಲ ಅವನಿಗೇ ಕಳಿಸಿದಂತೆ ಇದು.

ನಾನು ಕೆಲಸ ಮಾಡಿದ್ದ ಒಂದು ಕಡೆ ಇದೇ ನಡೆಯಿತು. ಅಂದು ನಮ್ಮನ್ನು ದಾರಿ ತಪ್ಪಿಸಿದ್ದು ಸರಾಸರಿ ಉತ್ತರದ ಸಮಯದ ಗ್ರಾಫ್. ಮೇಲಿನ ಅಂಕಿಗಳಲ್ಲೇ ನೋಡಿದರೆ, 93% ರಿಕ್ವೆಸ್ಟ್‌ಗಳು 5 ಮಿಲಿಸೆಕೆಂಡಿನಲ್ಲಿ ಮುಗಿಯುವುದರಿಂದ ಸರಾಸರಿ 200ರಿಂದ ಸುಮಾರು 19 ಮಿಲಿಸೆಕೆಂಡಿಗೆ ಇಳಿಯುತ್ತದೆ, ಸಿಪಿಯು ಬಳಕೆಯೂ ಇಳಿಯುತ್ತದೆ. ಆ ಎರಡೇ ಗ್ರಾಫ್ ನೋಡಿದವರಿಗೆ ಎಲ್ಲವೂ ಎಂದಿಗಿಂತ ಚೆನ್ನಾಗಿರುವಂತೆ ತೋರುತ್ತದೆ. ದೋಷದ ಉತ್ತರಗಳನ್ನು ಸರ್ವರ್‌ವಾರು ಬಿಡಿಸಿ ಎಣಿಸಿದಾಗ ಮಾತ್ರ ಒಂದೇ ಗೆರೆ ಮುಗಿಲಿಗೇರಿರುವುದು ಕಾಣುತ್ತದೆ. ಸಂದರ್ಶನದಲ್ಲಿ "ಇದು ನಡೆಯುತ್ತಿದೆ ಎಂದು ಹೇಗೆ ತಿಳಿಯುತ್ತೀರಿ?" ಎಂಬ ಮುಂದಿನ ಪ್ರಶ್ನೆ ಬಂದೇ ಬರುತ್ತದೆ; ಅದಕ್ಕೆ ಉತ್ತರ ಇದು.

ಇನ್ನು ಹೆಲ್ತ್ ಚೆಕ್. ಅದು ಕೆಟ್ಟ ಸರ್ವರನ್ನು ತೆಗೆಯುತ್ತದೆ ಎಂದಿರಿ. ತೆಗೆಯುವುದೇ, ತೆಗೆದರೆ ಎಷ್ಟು ಹೊತ್ತಿಗೆ ಎಂಬ ಎರಡು ಪ್ರಶ್ನೆಗಳು ಅದರೊಳಗಿವೆ. ಎರಡನೆಯದು ಸುಲಭ. ಹೆಚ್‌ಎಪ್ರಾಕ್ಸಿ ಎಂಬ ಲೋಡ್ ಬ್ಯಾಲೆನ್ಸರ್‌ನಲ್ಲಿ ನಾವೇನೂ ಬದಲಿಸದಿದ್ದರೆ ಪರೀಕ್ಷೆ 2 ಸೆಕೆಂಡಿಗೊಮ್ಮೆ ನಡೆಯುತ್ತದೆ, ಸತತ 3 ಬಾರಿ ಸೋತರೆ ಸರ್ವರ್ ಸಾಲಿನಿಂದ ಹೊರಗೆ, ಆಮೇಲೆ ಸತತ 2 ಬಾರಿ ಗೆದ್ದರೆ ಮತ್ತೆ ಒಳಗೆ. ಒಂದು ಪರೀಕ್ಷೆ ಮುಗಿದ ಮರುಕ್ಷಣವೇ ಸರ್ವರ್ ಕೆಟ್ಟರೆ ಅದು ಹೊರಬೀಳಲು 6 ಸೆಕೆಂಡ್ ಬೇಕು. ಉತ್ತರವೇ ಕೊಡದೆ ಸಿಕ್ಕಿಕೊಂಡಿದ್ದರೆ ಕೊನೆಯ ಪರೀಕ್ಷೆ ಕಾಯುವ ಹೊತ್ತೂ ಸೇರುತ್ತದೆ. ನಮ್ಮ ಉದಾಹರಣೆಯಲ್ಲಿ ಆ 6 ಸೆಕೆಂಡಿನಲ್ಲಿ ಲೀಸ್ಟ್ ಕನೆಕ್ಷನ್ಸ್ 11,000ಕ್ಕೂ ಹೆಚ್ಚು ರಿಕ್ವೆಸ್ಟ್‌ಗಳನ್ನು ಹಾಳುಮಾಡುತ್ತದೆ, ರೌಂಡ್ ರಾಬಿನ್ 3000ವನ್ನು. ಅದೇ ಹೆಲ್ತ್ ಚೆಕ್, ಅದೇ ಗಡುವು. ನಷ್ಟದ ಪ್ರಮಾಣವನ್ನು ನಿರ್ಧರಿಸಿದ್ದು ಅಲ್ಗಾರಿದಮ್. ಸಂದರ್ಶಕರು ನಿಮ್ಮ ಬಾಯಿಂದ ಕೇಳಬಯಸಿದ್ದು ಈ ಮಾತನ್ನೇ ಎಂದು ನನ್ನ ಅನಿಸಿಕೆ.

ಮೊದಲನೆಯ ಪ್ರಶ್ನೆ ಕಷ್ಟದ್ದು. ಬಹಳಷ್ಟು ಕಡೆ `/health` ಎಂಬ ವಿಳಾಸದಲ್ಲಿ, ಪ್ರೋಗ್ರಾಮ್ ಓಡುತ್ತಿದ್ದರೆ ಸಾಕು, 200 ಎಂಬ ಉತ್ತರ ಬರುವಂತೆ ಬರೆದಿರುತ್ತಾರೆ. ಹಳೆಯ ಪಾಸ್‌ವರ್ಡ್ ಇಟ್ಟುಕೊಂಡ ಸರ್ವರ್ ಕೂಡ ಈ ಪರೀಕ್ಷೆಯಲ್ಲಿ ಪ್ರತಿ ಬಾರಿಯೂ ಪಾಸಾಗುತ್ತದೆ, ಹಾಗಾಗಿ ಯಾರಾದರೂ ಕೈಯಾರೆ ತೆಗೆಯುವವರೆಗೆ ಅದು ಸಾಲಿನಲ್ಲೇ ಉಳಿಯುತ್ತದೆ.

ಹಾಗಿದ್ದರೆ ಹೆಲ್ತ್ ಚೆಕ್ ಡೇಟಾಬೇಸನ್ನೂ ಮುಟ್ಟಿ ನೋಡಲಿ ಎಂದು ಯಾರಿಗಾದರೂ ತೋಚುತ್ತದೆ, ಮತ್ತು ಅಲ್ಲಿ ಇದಕ್ಕಿಂತ ದೊಡ್ಡ ಹಳ್ಳವಿದೆ. ಡೇಟಾಬೇಸ್ ನಾಲ್ಕೂ ಸರ್ವರ್‌ಗಳಿಗೆ ಒಂದೇ. ಅದು ಯಾವುದೋ ಭಾರವಾದ ಕ್ವೆರಿಯಿಂದ ಹತ್ತು ಸೆಕೆಂಡ್ ನಿಧಾನವಾದರೆ, ನಾಲ್ಕೂ ಸರ್ವರ್‌ಗಳ ಪರೀಕ್ಷೆ ಒಟ್ಟಿಗೆ ಸೋಲುತ್ತದೆ, ನಾಲ್ಕೂ ಒಟ್ಟಿಗೆ ಸಾಲಿನಿಂದ ಹೊರಬೀಳುತ್ತವೆ, ಲೋಡ್ ಬ್ಯಾಲೆನ್ಸರ್ ಬಂದವರಿಗೆಲ್ಲ 503 ಕೊಡುತ್ತದೆ. ಡೇಟಾಬೇಸ್ ಬೇಕಿಲ್ಲದ, ಕ್ಯಾಶ್‌ನಿಂದಲೇ ಕೊಡಬಹುದಾಗಿದ್ದ ಪುಟಗಳೂ ಆಗ ಸಿಗುವುದಿಲ್ಲ. ನಿಧಾನವಾಗಿ ನಡೆಯುತ್ತಿದ್ದ ವ್ಯವಸ್ಥೆಯನ್ನು ಹೆಲ್ತ್ ಚೆಕ್ ತಾನೇ ಪೂರ್ತಿ ನಿಲ್ಲಿಸಿದಂತಾಯಿತು. ಲಾಗ್‌ನಲ್ಲಿ ಎಲ್ಲ ಸರ್ವರ್‌ಗಳೂ ಒಂದೆರಡು ಸೆಕೆಂಡಿನ ಅಂತರದಲ್ಲಿ ಹೊರಬಿದ್ದಿದ್ದರೆ ಕಾರಣವನ್ನು ಸರ್ವರ್‌ಗಳಲ್ಲಿ ಹುಡುಕಬಾರದು, ಅವು ಹಂಚಿಕೊಂಡಿರುವ ವಸ್ತುವಿನಲ್ಲಿ ಹುಡುಕಬೇಕು.

ನಾನು ಪಾಲಿಸುವ ಗೆರೆ ಹೀಗಿದೆ. ಲೋಡ್ ಬ್ಯಾಲೆನ್ಸರ್ ಮಾಡಬಲ್ಲದ್ದು ಈ ಸರ್ವರ್ ಬಿಟ್ಟು ಆ ಸರ್ವರ್‌ಗೆ ಕಳಿಸುವುದೊಂದೇ. ಆದ್ದರಿಂದ ಬೇರೆ ಸರ್ವರ್‌ಗೆ ಕಳಿಸಿದರೆ ಸರಿಹೋಗುವ ದೋಷವನ್ನು ಮಾತ್ರ ಹೆಲ್ತ್ ಚೆಕ್ ಹಿಡಿಯಬೇಕು. ಡಿಸ್ಕ್ ತುಂಬಿದೆ, ಈ ಸರ್ವರ್‌ನ ಕಾನ್ಫಿಗರೇಶನ್ ಓದಲಾಗಿಲ್ಲ, ಈ ಸರ್ವರ್ ಕೊಟ್ಟ ಪಾಸ್‌ವರ್ಡನ್ನು ಡೇಟಾಬೇಸ್ ಒಪ್ಪುತ್ತಿಲ್ಲ ಎಂಬವು ಆ ಬಗೆಯವು. ಡೇಟಾಬೇಸ್ ನಿಧಾನವಾಗಿದೆ ಎಂಬುದು ಆ ಬಗೆಯದಲ್ಲ. ಅದಕ್ಕೆ ಅಲಾರಂ ಬೇಕು, ಸಾಲಿನಿಂದ ಹೊರಹಾಕುವುದರಿಂದ ಏನೂ ಆಗದು.

ಹೀಗೆ ಪರೀಕ್ಷಿಸುವ ವಿಳಾಸವನ್ನು `/ready` ಎನ್ನೋಣ. ಆದರೂ ಕೆಡುವ ಬಗೆಗಳನ್ನೆಲ್ಲ ಮೊದಲೇ ಊಹಿಸಿ `/ready` ಬರೆಯಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ನಿಜವಾದ ರಿಕ್ವೆಸ್ಟ್‌ಗಳ ಉತ್ತರವನ್ನೇ ಗಮನಿಸುವ ಎರಡನೆಯ ಕಣ್ಣು ಬೇಕು. ಹೆಚ್‌ಎಪ್ರಾಕ್ಸಿಯಲ್ಲಿ ಅದನ್ನು ಹೀಗೆ ಬರೆಯಬಹುದು:

```
backend app
    mode http
    balance leastconn
    option httpchk GET /ready
    default-server inter 2s fall 3 rise 2 slowstart 30s
    default-server observe layer7 error-limit 10 on-error mark-down
    server s1 10.0.0.11:8080 check
    server s2 10.0.0.12:8080 check
```

`observe layer7` ಎಂದರೆ ಸಾಗುತ್ತಿರುವ ರಿಕ್ವೆಸ್ಟ್‌ಗಳ ಉತ್ತರವನ್ನು ನೋಡುತ್ತಿರು, ಸತತ 10 ದೋಷಗಳು ಕಂಡರೆ ಆ ಸರ್ವರನ್ನು ಕೂಡಲೇ ಹೊರಗಿಡು ಎಂದರ್ಥ. ಸೆಕೆಂಡಿಗೆ 1860 ದೋಷ ಕೊಡುವ ಸರ್ವರ್ ಹತ್ತನ್ನು ಮುಟ್ಟಲು ಸೆಕೆಂಡಿನ ಒಂದು ಸಣ್ಣ ಪಾಲು ಸಾಕು. ಆದರೆ `/ready` ಇನ್ನೂ 200 ಎನ್ನುತ್ತಿದ್ದರೆ ಎರಡು ಪರೀಕ್ಷೆ ಪಾಸಾಗಿ, ಸುಮಾರು ನಾಲ್ಕು ಸೆಕೆಂಡಿನೊಳಗೆ ಅದು ಮರಳಿ ಬರುತ್ತದೆ, ಮತ್ತೆ ಹತ್ತಾರು ರಿಕ್ವೆಸ್ಟ್‌ಗಳನ್ನು ಕೆಡಿಸಿ ಹೊರಬೀಳುತ್ತದೆ. ಒಂದೇ ಸರ್ವರ್ ಹೀಗೆ ಒಳಗೂ ಹೊರಗೂ ಓಡಾಡುತ್ತಿರುವುದು ಲಾಗ್‌ನಲ್ಲಿ ಕಂಡರೆ ನಿಮ್ಮ `/ready` ಏನನ್ನೋ ನೋಡುತ್ತಿಲ್ಲ ಎಂದು ತಿಳಿಯಬೇಕು.

ಈ ಎರಡನೆಯ ಕಣ್ಣಿಗೂ ಮಿತಿಯಿದೆ. ಡೇಟಾಬೇಸೇ ಕೆಟ್ಟು ನಾಲ್ಕೂ ಸರ್ವರ್‌ಗಳು 500 ಕೊಡತೊಡಗಿದರೆ, ಇದೂ ನಾಲ್ಕನ್ನೂ ಹೊರಹಾಕುತ್ತದೆ. ಎನ್ವಾಯ್ ಪ್ರಾಕ್ಸಿಯಲ್ಲಿ ಇದಕ್ಕೊಂದು ತಡೆಯಿದೆ: ಆರೋಗ್ಯವಾಗಿರುವ ಸರ್ವರ್‌ಗಳ ಪ್ರಮಾಣ 50%ಕ್ಕಿಂತ ಕೆಳಗಿಳಿದರೆ, ನಾವು ಬೇರೆ ಅಂಕಿ ಕೊಡದ ಹೊರತು, ಅದು ಹೆಲ್ತ್ ಚೆಕ್‌ನ ಮಾತನ್ನು ನಂಬುವುದನ್ನು ಬಿಟ್ಟು ಎಲ್ಲ ಸರ್ವರ್‌ಗಳಿಗೂ ಕಳಿಸತೊಡಗುತ್ತದೆ. ಅಮೆಜಾನ್ ಕ್ಲೌಡ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಕೂಡ ಎಲ್ಲ ಸರ್ವರ್‌ಗಳೂ ಸೋತಾಗ ಎಲ್ಲಕ್ಕೂ ಕಳಿಸುತ್ತದೆ. ಎಲ್ಲರೂ ಒಟ್ಟಿಗೆ ಸತ್ತಿದ್ದಾರೆ ಎಂಬ ವರದಿ ಬಂದರೆ ವರದಿಯಲ್ಲೇ ತಪ್ಪಿರುವ ಸಾಧ್ಯತೆ ಹೆಚ್ಚು ಎಂಬ ತರ್ಕ ಇದರ ಹಿಂದಿದೆ, ಮತ್ತು ನನ್ನ ಅನುಭವದಲ್ಲಿ ಆ ತರ್ಕ ಸರಿ.

ಈಗ ಅಲ್ಗಾರಿದಮ್‌ಗೆ ಮರಳಬಹುದು. ಲೀಸ್ಟ್ ಕನೆಕ್ಷನ್ಸ್ ಅನ್ನು ಹೆಚ್‌ಎಪ್ರಾಕ್ಸಿಯ ಕೈಪಿಡಿಯೇ ದೀರ್ಘಕಾಲ ತೆರೆದಿರುವ ಸೆಶನ್‌ಗಳಿಗೆ ಸೂಚಿಸುತ್ತದೆ, ಬೇಗ ಮುಗಿಯುವ ಎಚ್‌ಟಿಟಿಪಿಯಂಥವಕ್ಕೆ ಅಷ್ಟು ಹೊಂದದು ಎನ್ನುತ್ತದೆ. ರಿಕ್ವೆಸ್ಟ್‌ಗಳೆಲ್ಲ ಸರಿಸುಮಾರು ಒಂದೇ ಸಮಯ ಹಿಡಿಯುವುದಾದರೆ ನಾನು ರೌಂಡ್ ರಾಬಿನ್ ಎಂದೇ ಹೇಳುತ್ತೇನೆ. ಕೆಲವು 20 ಮಿಲಿಸೆಕೆಂಡ್, ಕೆಲವು 5 ಸೆಕೆಂಡ್ ಎಂಬಂತಿದ್ದರೆ ಕನೆಕ್ಷನ್ ಎಣಿಸಲೇಬೇಕು, ಆದರೆ ಎಲ್ಲ ಸರ್ವರ್‌ಗಳಲ್ಲಿ ಅಲ್ಲ: ಕಣ್ಣುಮುಚ್ಚಿ ಬೇರೆ ಬೇರೆ ಎರಡು ಸರ್ವರ್ ಆರಿಸಿ, ಆ ಎರಡರಲ್ಲಿ ಕಡಿಮೆ ಕನೆಕ್ಷನ್ ಇರುವುದಕ್ಕೆ ಕಳಿಸಬೇಕು. ಮೈಕೆಲ್ ಮಿಟ್ಸೆನ್ಮಾಕರ್ 1996ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವಿಶ್ಲೇಷಿಸಿದ ವಿಧಾನ ಇದು. ನಮ್ಮ ಕೆಟ್ಟ ಸರ್ವರ್‌ಗೆ ರಿಕ್ವೆಸ್ಟ್ ಹೋಗಬೇಕಾದರೆ ಮೊದಲು ಅದು ಆ ಜೋಡಿಯಲ್ಲಿ ಬೀಳಬೇಕು. ನಾಲ್ಕರಲ್ಲಿ ಎರಡನ್ನು ಆರಿಸುವಾಗ ಆ ಸಾಧ್ಯತೆ 50%, ಇಪ್ಪತ್ತು ಸರ್ವರ್‌ಗಳಿದ್ದರೆ 10%. ಅಂದರೆ ಅದು ಎಷ್ಟೇ ಚುರುಕಾಗಿ ದೋಷ ಕೊಟ್ಟರೂ ಅದರ ಪಾಲು ಆ ಮಿತಿಯನ್ನು ದಾಟದು. ನಮ್ಮ ನಾಲ್ಕು ಸರ್ವರ್‌ಗಳಲ್ಲೇ 93% ಎಲ್ಲಿ, 50% ಎಲ್ಲಿ!

ಕೊನೆಯದಾಗಿ, ಸರ್ವರ್ ದುರಸ್ತಿಯಾಗಿ ಮರಳಿ ಬರುವ ಗಳಿಗೆ. ಅದನ್ನು ಸಂದರ್ಶಕರು ಕೇಳದಿದ್ದರೂ ನೀವೇ ಎತ್ತಿ ಹೇಳಿ. ಅದು ಹೊರಗಿದ್ದಷ್ಟು ಹೊತ್ತು ಉಳಿದ ಮೂರರಲ್ಲಿ ತಲಾ 133 ಕನೆಕ್ಷನ್‌ಗಳಿರುತ್ತವೆ, ಮರಳಿದ ಸರ್ವರ್‌ನಲ್ಲಿ ಸೊನ್ನೆ. ಲೀಸ್ಟ್ ಕನೆಕ್ಷನ್ಸ್ ಆಗ ಬರುವ ಪ್ರತಿ ರಿಕ್ವೆಸ್ಟನ್ನೂ ಅದಕ್ಕೇ ಕೊಡುತ್ತದೆ, ಸೆಕೆಂಡಿಗೆ 2000ದ ವೇಗದಲ್ಲಿ 50 ಮಿಲಿಸೆಕೆಂಡಿನೊಳಗೆ 100 ರಿಕ್ವೆಸ್ಟ್‌ಗಳು ಅದರ ಮೇಲೆ ಬೀಳುತ್ತವೆ. ಕ್ಯಾಶ್ ಖಾಲಿ, ಡೇಟಾಬೇಸ್ ಕನೆಕ್ಷನ್‌ಗಳು ಇನ್ನೂ ತೆರೆದಿಲ್ಲ. ಅದು ಮತ್ತೆ ಕುಸಿಯುತ್ತದೆ. ಮೇಲಿನ ಕಾನ್ಫಿಗರೇಶನ್‌ನಲ್ಲಿರುವ `slowstart 30s` ಇದಕ್ಕಾಗಿಯೇ ಇದೆ: ಸರ್ವರ್‌ನ ತೂಕವನ್ನು, ಅಂದರೆ ಅದಕ್ಕೆ ಹೋಗುವ ರಿಕ್ವೆಸ್ಟ್‌ಗಳ ಪಾಲನ್ನು, 30 ಸೆಕೆಂಡಿನಲ್ಲಿ ಹಂತಹಂತವಾಗಿ ಏರಿಸುತ್ತದೆ. ಆದರೆ ಹೆಚ್‌ಎಪ್ರಾಕ್ಸಿಯೇ ಹೊಸದಾಗಿ ಶುರುವಾದಾಗ ಇದು ಅನ್ವಯಿಸುವುದಿಲ್ಲ, ಒಮ್ಮೆ ಹೊರಬಿದ್ದು ಮರಳಿದ ಸರ್ವರ್‌ಗೆ ಮಾತ್ರ ಅನ್ವಯಿಸುತ್ತದೆ.