ಮೈನಸ್ ಬೆಲೆಯ ಗಾಡಿ

ಉಡುಪಿಯ ನನ್ನ ಆಫೀಸಿಗೆ ಮಲ್ಪೆಯ ಮೀನು ವ್ಯಾಪಾರಿಯೊಬ್ಬರು ವರ್ಷದ ಲೆಕ್ಕ ತಂದಿದ್ದರು. ಅದರಲ್ಲಿ ಅವರ ಪಿಕಪ್ ಗಾಡಿಯ ನಿವ್ವಳ ಬೆಲೆ ಮೈನಸ್ 20,000 ರೂಪಾಯಿ! ಗಾಡಿ ಎಷ್ಟೇ ಹಳೆಯದಾದರೂ ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದುಂಟೇ?

ಕೇಳಿದರೆ, "ಅದನ್ನು ಮಾರಿ ಆಯ್ತಲ್ಲ ಮಾರಾಯ್ರೆ" ಅಂದರು.

2021ರ ಏಪ್ರಿಲ್ 1ಕ್ಕೆ 8,00,000ಕ್ಕೆ ಕೊಂಡ ಗಾಡಿ. ಎಂಟು ವರ್ಷ ಓಡಿಸಿ, ಕೊನೆಗೆ 80,000 ಸಿಗಬಹುದು ಎಂದು ಅಂದಾಜು. ಹಾಗಾಗಿ ಬೆಲೆ ಇಳಿಯುವುದಕ್ಕೆಂದು ವರ್ಷಕ್ಕೆ 90,000 ಸವಕಳಿ. 2024ರ ಮಾರ್ಚ್‌ಗೆ ಒಟ್ಟು ಸವಕಳಿ 2,70,000 ಆಗಿತ್ತು. ಅದೇ ಸೆಪ್ಟೆಂಬರ್ 30ಕ್ಕೆ ಗಾಡಿಯನ್ನು 4,60,000ಕ್ಕೆ ಮಾರಿದ್ದರು.

ಲೆಕ್ಕ ಬರೆಯುವ ಹುಡುಗ ಬಂದ ದುಡ್ಡನ್ನು ವಾಹನ ಖಾತೆಗೆ ಕ್ರೆಡಿಟ್ ಮಾಡಿ ಸುಮ್ಮನಾಗಿದ್ದ. ಖಾತೆಯಲ್ಲಿ 3,40,000 ಉಳಿಯಿತು. ಜೊತೆಗೆ ಮಾರ್ಚ್‌ನಲ್ಲಿ ಎಂದಿನಂತೆ ಇಡೀ ವರ್ಷದ 90,000 ಸವಕಳಿ ಹಾಕಿದ್ದ. ಒಟ್ಟು ಸವಕಳಿ 3,60,000 ಆಯಿತು. 3,40,000ರಿಂದ ಅದನ್ನು ಕಳೆದಾಗ ಮೈನಸ್ ಬಂದದ್ದು ಹೀಗೆ. ಡೆಬಿಟ್, ಕ್ರೆಡಿಟ್ ಮೊತ್ತಗಳು ಸಮ ಇವೆಯೇ ಎಂದಷ್ಟೇ ನೋಡುವ ಟ್ರಯಲ್ ಬ್ಯಾಲೆನ್ಸ್ ಮಾತ್ರ ಸರಿಯಾಗಿ ತಾಳೆ ಆಗಿತ್ತು! ಇವರಿಗೆ ಒಂದೇ ಗಾಡಿ ಇದ್ದದ್ದರಿಂದ ತಪ್ಪು ಕಣ್ಣಿಗೆ ಬಿತ್ತು. ನಾಲ್ಕು ಗಾಡಿ ಇದ್ದಿದ್ದರೆ ಉಳಿದ ಮೂರರ ಬೆಲೆಯಲ್ಲಿ ಅಡಗಿ ಕೂರುತ್ತಿತ್ತು. ಅಂಥ ಕಡೆ ಗಾಡಿಗಳ ಪಟ್ಟಿಯನ್ನು ಆರ್‌ಸಿಗಳ ಜೊತೆ ಒಂದೊಂದಾಗಿ ಹೋಲಿಸಿಯೇ ಹಿಡಿಯಬೇಕು.

ಸರಿಪಡಿಸಲು ಮೊದಲು ಸವಕಳಿಯನ್ನು ಮಾರಿದ ದಿನಕ್ಕೆ ನಿಲ್ಲಿಸಬೇಕು. ಆರು ತಿಂಗಳಿಗೆ 45,000 ಸಾಕು, ಜಾಸ್ತಿ ಹಾಕಿದ 45,000 ವಾಪಸ್. ಈಗ ಒಟ್ಟು ಸವಕಳಿ 3,15,000. ಗಾಡಿಯ ಪುಸ್ತಕದ ಬೆಲೆ 4,85,000. ಬಂದದ್ದು 4,60,000. ಅಂದರೆ ನಷ್ಟ 25,000.

ಆಮೇಲೆ ಹುಡುಗನ ಎಂಟ್ರಿ ರದ್ದು ಮಾಡಿ, 'ವಾಹನ ಮಾರಾಟ' ಎಂಬ ಹೊಸ ಖಾತೆ ತೆರೆದೆವು. ಕೊಂಡ ಬೆಲೆ 8,00,000 ಪೂರ್ತಿಯಾಗಿ ಅದರ ಡೆಬಿಟ್‌ಗೆ ಬಂತು. ಒಟ್ಟು ಸವಕಳಿ 3,15,000 ಮತ್ತು ಬ್ಯಾಂಕಿಗೆ ಬಂದ 4,60,000 ಕ್ರೆಡಿಟ್‌ಗೆ ಬಂದವು. ಉಳಿದ 25,000 ಲಾಭ-ನಷ್ಟ ಖಾತೆಗೆ ಹೋಯಿತು. ಗಾಡಿಯ ಬೆಲೆ, ಅದರ ಸವಕಳಿ ಎರಡೂ ಸೊನ್ನೆ.

"ಒಳ್ಳೇ ರೇಟಿಗೆ ಕೊಟ್ಟಿದ್ದೆ, ನಷ್ಟ ಹೇಗೆ?" ಅಂತ ಅವರಿಗೆ ಬೇಜಾರು. ವ್ಯಾಪಾರ ಕೆಟ್ಟಿಲ್ಲ. ಮೀನಿನ ಉಪ್ಪುನೀರಿಗೆ ಗಾಡಿ ನಾವು ಅಂದಾಜಿಸಿದ್ದಕ್ಕಿಂತ ಬೇಗ ತುಕ್ಕು ಹಿಡಿದಿತ್ತು, ಅಷ್ಟೆ. ಹಿಂದೆ ಹಾಕದೆ ಬಿಟ್ಟ ಸವಕಳಿಯೇ ಈಗ ನಷ್ಟ ಎಂಬ ಹೆಸರಲ್ಲಿ ಬಂದಿದೆ. ಹೊಸ ಗಾಡಿಗೆ ಎಂಟರ ಬದಲು ಆರು ವರ್ಷ ಹಿಡಿಯಲು ಹೇಳಿದೆ.

ಆದಾಯ ತೆರಿಗೆಗೆ ಈ 25,000 ನಡೆಯುವುದಿಲ್ಲ. ಅಲ್ಲಿ ಸವಕಳಿ ಒಂದೊಂದು ಗಾಡಿಗೆ ಅಲ್ಲ, ಆಸ್ತಿಗಳ ಇಡೀ ಗುಂಪಿಗೆ. ಮಾರಿದ ಬೆಲೆಯನ್ನು ಗುಂಪಿನ ಮೊತ್ತದಿಂದ ಕಳೆಯುತ್ತಾರೆ. ಆದ್ದರಿಂದ ರಿಟರ್ನ್ ಹಾಕುವಾಗ ಪುಸ್ತಕದ ನಷ್ಟವನ್ನು ಲಾಭಕ್ಕೆ ಮತ್ತೆ ಕೂಡಿಸಿದೆವು.