ನೈಗ್ಲೀರಿಯಾ ಮತ್ತು ಅಕಾಂತಮೀಬಾ: ಯಾವ ಬಾಗಿಲಿನಿಂದ ಬಂತು ಎಂದು ಮೊದಲು ಕೇಳಿ

ಕೇರಳದಿಂದ 2024 ಮತ್ತು 2025ರಲ್ಲಿ ಬಂದ ಸುದ್ದಿಗಳಲ್ಲಿ ‘ಅಮೀಬಿಕ್ ಮಿದುಳು ಜ್ವರ’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಜೀವಿಗಳ ಪ್ರಕರಣಗಳು ಸೇರಿಕೊಂಡಿದ್ದವು. ಪರೀಕ್ಷೆ ಬರೆಯುವಾಗಲೂ ಇದೇ ಗೊಂದಲ ಕಾಡುತ್ತದೆ. ಎರಡೂ ಮಣ್ಣು ನೀರಿನಲ್ಲಿ ಸ್ವತಂತ್ರವಾಗಿ ಬದುಕುವ ಅಮೀಬಾಗಳು, ಎರಡೂ ಮಿದುಳಿಗೆ ಹೋಗಬಲ್ಲವು, ಆದರೆ ರೋಗದ ಕಥೆ ಪೂರ್ತಿ ಬೇರೆ. ಲಕ್ಷಣಗಳ ಎರಡು ಪಟ್ಟಿ ಮಾಡಿ ಬಾಯಿಪಾಠ ಮಾಡುವ ಬದಲು ಅಮೀಬಾ ದೇಹದ ಒಳಗೆ ಬಂದ ದಾರಿಯನ್ನು ಹಿಡಿದರೆ ಉಳಿದದ್ದರಲ್ಲಿ ಹೆಚ್ಚಿನದು ಅದರ ಹಿಂದೆಯೇ ಬರುತ್ತದೆ.

ರೂಪಗಳು

ನೈಗ್ಲೀರಿಯಾ ಫೌಲೆರಿಗೆ ಮೂರು ರೂಪ: ಟ್ರೋಫೋಜೋಯಿಟ್, ಎರಡು ಕಶಾಂಗಗಳಿರುವ ಫ್ಲ್ಯಾಜೆಲೇಟ್, ದುಂಡಗಿನ ನಯವಾದ ಸಿಸ್ಟ್. ಅಕಾಂತಮೀಬಾಕ್ಕೆ ಎರಡೇ: ಮೈತುಂಬ ಮುಳ್ಳಿನಂಥ ಚಾಚುಗಳಿರುವ ಟ್ರೋಫೋಜೋಯಿಟ್ ಮತ್ತು ಎರಡು ಗೋಡೆಯ ಸಿಸ್ಟ್. ಈ ಸಿಸ್ಟ್‌ನ ಹೊರಗೋಡೆ ಸುಕ್ಕುಸುಕ್ಕು, ಒಳಗೋಡೆ ಬಹುಕೋನಾಕಾರ.

ಇಲ್ಲಿ ಒಂದೇ ಒಂದು ವಾಕ್ಯ ನೆನಪಿಡಿ. ರೋಗಿಯ ಅಂಗಾಂಶದಲ್ಲಿ ನೈಗ್ಲೀರಿಯಾದ ಟ್ರೋಫೋಜೋಯಿಟ್ ಮಾತ್ರ ಸಿಗುತ್ತದೆ, ಅಕಾಂತಮೀಬಾದ ಟ್ರೋಫೋಜೋಯಿಟ್ ಮತ್ತು ಸಿಸ್ಟ್ ಎರಡೂ ಸಿಗುತ್ತವೆ. ಬಯಾಪ್ಸಿ ಸ್ಲೈಡಿನಲ್ಲಿ ಸಿಸ್ಟ್ ಕಂಡರೆ ನೈಗ್ಲೀರಿಯಾವನ್ನು ಬದಿಗಿಡಬಹುದು. ಅಕಾಂತಮೀಬಾದ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುವುದಕ್ಕೂ ಈ ಸಿಸ್ಟೇ ಕಾರಣ.

ನೈಗ್ಲೀರಿಯಾ: ಮೂಗು ಒಂದೇ ಬಾಗಿಲು

ಬಿಸಿಲಿಗೆ ಕಾದ ಸಿಹಿನೀರು ಇದಕ್ಕೆ ಇಷ್ಟ, 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೂ ಬೆಳೆಯುತ್ತದೆ. ಕೆರೆಯಲ್ಲಿ ಧುಮುಕಿದಾಗ, ಮುಳುಗು ಹಾಕಿದಾಗ, ಕುದಿಸದ ನೀರಿನಿಂದ ಜಲನೇತಿ ಮಾಡಿದಾಗ ನೀರು ಮೂಗಿನ ಮೇಲ್ಭಾಗಕ್ಕೆ ನುಗ್ಗುತ್ತದೆ. ಅಲ್ಲಿನ ಘ್ರಾಣ ಲೋಳೆಪೊರೆಗೆ ಅಂಟಿದ ಟ್ರೋಫೋಜೋಯಿಟ್ ಘ್ರಾಣನರದ ಎಳೆಗಳ ಜೊತೆಗೇ ಕ್ರಿಬ್ರಿಫಾರ್ಮ್ ಫಲಕದ ತೂತುಗಳನ್ನು ದಾಟಿ ಘ್ರಾಣ ಬಲ್ಬಿಗೆ ಸೇರುತ್ತದೆ. ರಕ್ತದ ದಾರಿ ಇದಕ್ಕೆ ಬೇಕಿಲ್ಲ. ಅದೇ ನೀರನ್ನು ಕುಡಿದರೆ ಈ ರೋಗ ಬರುವುದಿಲ್ಲ, ಒಬ್ಬರಿಂದೊಬ್ಬರಿಗೆ ಹರಡುವುದೂ ಇಲ್ಲ. ಶಬರಿಮಲೆಗೆ ಹೋಗುವ ಯಾತ್ರಿಗಳಿಗೆ ಕರ್ನಾಟಕದ ಆರೋಗ್ಯ ಇಲಾಖೆ 2025ರಲ್ಲಿ ಸೂಚನೆ ಕೊಟ್ಟಾಗ ಸ್ನಾನದ ಹೊತ್ತಿನಲ್ಲಿ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ ಎಂದು ಹೇಳಿದ್ದು ಇದಕ್ಕೇ. ಜಲನೇತಿ ಮಾಡುವವರು ನೀರನ್ನು ಕನಿಷ್ಠ 1 ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ ಬಳಸಬೇಕು.

ದಾರಿ ಇಷ್ಟು ಹತ್ತಿರದ್ದಾದ್ದರಿಂದ ರೋಗವೂ ಅಷ್ಟೇ ವೇಗದ್ದು. ನೀರಿನ ಸಂಪರ್ಕವಾಗಿ 1ರಿಂದ 12 ದಿನಗಳಲ್ಲಿ, ಸಾಮಾನ್ಯವಾಗಿ 5ನೇ ದಿನದ ಹೊತ್ತಿಗೆ, ಜ್ವರ, ಹಣೆಯ ಭಾಗದಲ್ಲಿ ತೀವ್ರ ತಲೆನೋವು, ವಾಂತಿ ಶುರುವಾಗುತ್ತವೆ. ಕೆಲವರಿಗೆ ವಾಸನೆ, ರುಚಿ ಬದಲಾದಂತೆ ಅನ್ನಿಸುತ್ತದೆ. ಆಮೇಲೆ ಕತ್ತು ಬಿಗಿತ, ಗೊಂದಲ, ಫಿಟ್ಸ್, ಕೋಮಾ. ಲಕ್ಷಣ ಶುರುವಾದ ಮೇಲೆ ಸಾವಿಗೆ ಹಿಡಿಯುವ ಸಮಯವೂ ಸುಮಾರು 5 ದಿನ. ರೋಗಿ ಸಾಮಾನ್ಯವಾಗಿ ಆರೋಗ್ಯವಂತ ಹುಡುಗನೋ ಯುವಕನೋ ಆಗಿರುತ್ತಾನೆ.

ನಿಜವಾಗಿ ಎಡವುವ ಜಾಗ: ಬೆನ್ನುಹುರಿ ದ್ರವದ ವರದಿ

ಒಂದು ಮಾದರಿ ಪ್ರಕರಣ ತೆಗೆದುಕೊಳ್ಳೋಣ. 13 ವರ್ಷದ ಹುಡುಗ, ಏಪ್ರಿಲ್ ತಿಂಗಳು, ಆರು ದಿನದ ಹಿಂದೆ ಕೆರೆಯಲ್ಲಿ ಈಜಿದ್ದಾನೆ. ಎರಡು ದಿನದಿಂದ ಜ್ವರ, ತಲೆನೋವು, ಈಗ ಕತ್ತು ಬಿಗಿದಿದೆ. ಬೆನ್ನುಹುರಿ ದ್ರವದ ವರದಿ ಹೀಗಿದೆ: ಬಿಳಿ ರಕ್ತಕಣ 2,400, ಅದರಲ್ಲಿ ನ್ಯೂಟ್ರೋಫಿಲ್ ಶೇ. 90, ಗ್ಲೂಕೋಸ್ 18 ಮಿ.ಗ್ರಾಂ, ಪ್ರೋಟೀನ್ 310 ಮಿ.ಗ್ರಾಂ, ಕೆಂಪು ರಕ್ತಕಣಗಳೂ ಸ್ವಲ್ಪ ಇವೆ, ಗ್ರಾಂ ಸ್ಟೇನ್‌ನಲ್ಲಿ ಬ್ಯಾಕ್ಟೀರಿಯಾ ಇಲ್ಲ.

ಅಂಕಿಗಳನ್ನಷ್ಟೇ ನೋಡಿದರೆ ಇದು ಬ್ಯಾಕ್ಟೀರಿಯಾದ ಮೆನಿಂಜೈಟಿಸ್. ಗ್ರಾಂ ಸ್ಟೇನ್ ಖಾಲಿ ಇದ್ದರೆ ‘ಮೊದಲೇ ಆಂಟಿಬಯಾಟಿಕ್ ಕೊಟ್ಟಿರಬೇಕು’ ಎಂದು ಮುಂದೆ ಹೋಗಿಬಿಡುತ್ತೇವೆ. ತಪ್ಪುವುದು ಇಲ್ಲೇ. ಗ್ರಾಂ ಸ್ಟೇನ್‌ಗೆ ಸ್ಲೈಡನ್ನು ಬಿಸಿ ಮಾಡುವಾಗ ಅಮೀಬಾ ಹಾಳಾಗುತ್ತದೆ, ಉಳಿದರೂ ಗುರುತು ಸಿಗುವುದಿಲ್ಲ. ಹಾಗಾಗಿ ಕೀವಿನಂಥ ದ್ರವ, ಖಾಲಿ ಗ್ರಾಂ ಸ್ಟೇನ್, ನೀರಿನ ಇತಿಹಾಸ, ಈ ಮೂರೂ ಸೇರಿದರೆ ತಕ್ಷಣ ವೆಟ್ ಮೌಂಟ್ ನೋಡಬೇಕು. ಬ್ಯಾಕ್ಟೀರಿಯಾಕ್ಕೆ ಕೊಡುವ ಆಂಟಿಬಯಾಟಿಕ್ ಅನ್ನು ಇದಕ್ಕಾಗಿ ತಡೆಹಿಡಿಯಬೇಕಿಲ್ಲ.

ವೆಟ್ ಮೌಂಟ್‌ನಲ್ಲಿ ಪ್ರತಿ ಹೆಜ್ಜೆಗೂ ಕಾರಣವಿದೆ. ಮಾದರಿಯನ್ನು ಫ್ರಿಜ್‌ನಲ್ಲಿ ಇಡಬಾರದು. ತಣ್ಣಗಾದ ಅಮೀಬಾ ಚಲನೆ ನಿಲ್ಲಿಸಿ ದುಂಡಗಾಗುತ್ತದೆ, ಕೆಲವು ಸತ್ತೂ ಹೋಗುತ್ತವೆ. ಟ್ರೋಫೋಜೋಯಿಟ್‌ಗಳು ಟ್ಯೂಬಿನ ಗೋಡೆಗೆ ಅಂಟಿಕೊಳ್ಳುವುದರಿಂದ ಹನಿ ತೆಗೆಯುವ ಮುನ್ನ ಟ್ಯೂಬನ್ನು ಮೆಲ್ಲಗೆ ಅಲ್ಲಾಡಿಸಬೇಕು. ದ್ರವ ಸಾಕಷ್ಟಿದ್ದರೆ 250 ಜಿ ಬಲದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನದನ್ನು ತೆಗೆದು, ತಳದ ಒಂದು ಹನಿಯನ್ನು ಸ್ಲೈಡಿಗೆ ಹಾಕಿ ಕವರ್‌ಸ್ಲಿಪ್ ಮುಚ್ಚಿ. ವೇಗ ಜಾಸ್ತಿಯಾದರೆ ಅಮೀಬಾಕ್ಕೆ ಪೆಟ್ಟು. ಕಂಡೆನ್ಸರ್ ಇಳಿಸಿ ಬೆಳಕು ಕಡಿಮೆ ಮಾಡಿ, ಇಲ್ಲದಿದ್ದರೆ ಬಣ್ಣವಿಲ್ಲದ ಜೀವಕೋಶದ ಅಂಚೇ ಕಾಣುವುದಿಲ್ಲ. ಫೇಸ್ ಕಾಂಟ್ರಾಸ್ಟ್ ಇದ್ದರೆ ಇನ್ನೂ ಒಳ್ಳೆಯದು. 10ರ ಲೆನ್ಸಿನಲ್ಲಿ ಹುಡುಕಿ, 40ರಲ್ಲಿ ನೋಡಿ. ಸ್ಲೈಡ್ 37 ಡಿಗ್ರಿಯಷ್ಟು ಬೆಚ್ಚಗಿದ್ದರೆ ಚಲನೆ ಚುರುಕಾಗುತ್ತದೆ.

ಈಗ ಪ್ರಶ್ನೆ, ಇದು ಅಮೀಬಾವೋ ಬಿಳಿ ರಕ್ತಕಣವೋ? ಗಾತ್ರ ನೋಡಿ ನಿರ್ಧರಿಸಲು ಹೋಗಬೇಡಿ. ನೈಗ್ಲೀರಿಯಾ 10–20 ಮೈಕ್ರೋಮೀಟರ್, ಬಿಳಿ ರಕ್ತಕಣಗಳೂ ಅದೇ ಅಳತೆಯ ಹತ್ತಿರ. ಬದಲಿಗೆ ಒಂದೇ ಕೋಶದ ಮೇಲೆ ಕಣ್ಣಿಟ್ಟು ಒಂದೆರಡು ನಿಮಿಷ ಕಾಯಿರಿ. ಅಮೀಬಾ ಒಂದು ಕಡೆಯಿಂದ ಮೊಂಡಾದ, ಪಾರದರ್ಶಕ ಚಾಚನ್ನು ಥಟ್ಟನೆ ಹೊರತಳ್ಳುತ್ತದೆ, ಒಳಗಿನ ದ್ರವ್ಯ ಅದರೊಳಕ್ಕೆ ಹರಿಯುತ್ತದೆ, ಕೋಶ ನಿಂತ ಜಾಗ ಬಿಟ್ಟು ಒಂದು ದಿಕ್ಕಿಗೆ ಸಾಗುತ್ತದೆ. ಬಿಳಿ ರಕ್ತಕಣವೂ ಅಲುಗಬಹುದು, ಆದರೆ ಆ ಹೊತ್ತಿನಲ್ಲಿ ಕಣ್ಣಿಗೆ ಕಾಣುವಷ್ಟು ದೂರ ಹೋಗುವುದಿಲ್ಲ. ಎರಡನೆಯ ಗುರುತು ಜೀಮ್ಸಾ ಅಥವಾ ರೈಟ್ ಸ್ಟೇನ್ ಹಾಕಿದಾಗ ಸಿಗುತ್ತದೆ: ಅಮೀಬಾದ ಕೋಶಕೇಂದ್ರದ ನಡುವೆ ದೊಡ್ಡ ಕ್ಯಾರಿಯೋಸೋಮ್, ಅದರ ಸುತ್ತ ತಿಳಿಯಾದ ವಲಯ. ನ್ಯೂಟ್ರೋಫಿಲ್‌ನ ಕೇಂದ್ರ ಹಾಲೆ ಹಾಲೆಯಾಗಿ ಒಡೆದಿರುತ್ತದೆ. ಕಣ ಎಣಿಸುವ ಚೇಂಬರಿನಲ್ಲಂತೂ ದುಂಡಗಾದ ಅಮೀಬಾವನ್ನು ಬಿಳಿ ರಕ್ತಕಣವೆಂದು ಎಣಿಸಿಬಿಡುವುದು ತೀರಾ ಸುಲಭ, ಅಂಥ ವರದಿಯನ್ನು ಮಾತ್ರ ನಂಬಿ ಕೂರಬೇಡಿ.

ಇನ್ನೂ ಅನುಮಾನವಿದ್ದರೆ ಒಂದು ಹನಿ ದ್ರವವನ್ನು 1 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ ಹಾಕಿ 37 ಡಿಗ್ರಿಯಲ್ಲಿಟ್ಟು ಆಗಾಗ ನೋಡಿ. ಪೋಷಕಾಂಶ ಸಿಗದ ನೈಗ್ಲೀರಿಯಾ ಕೆಲವು ಗಂಟೆಗಳಲ್ಲಿ ಪೇರಳೆ ಆಕಾರದ ಫ್ಲ್ಯಾಜೆಲೇಟ್ ಆಗಿ ಈಜತೊಡಗುತ್ತದೆ. ಅಕಾಂತಮೀಬಾ ಎಂದೂ ಹಾಗೆ ಬದಲಾಗದು. ಬದಲಾಗಲಿಲ್ಲವೆಂದು ನೈಗ್ಲೀರಿಯಾ ಅಲ್ಲವೆನ್ನುವಂತಿಲ್ಲ. ಖಚಿತಪಡಿಸಲು ಪಿಸಿಆರ್ ಬೇಕು.

ಚಿಕಿತ್ಸೆ ಪಿಸಿಆರ್‌ಗೆ ಕಾಯಬಾರದು. ಆಂಫೋಟೆರಿಸಿನ್ ಬಿ ಮುಖ್ಯ ಔಷಧ. ಜೊತೆಗೆ ಮಿಲ್ಟೆಫೋಸಿನ್, ಫ್ಲುಕೊನಜೋಲ್, ಅಜಿತ್ರೋಮೈಸಿನ್, ರಿಫಾಂಪಿಸಿನ್, ಮಿದುಳಿನ ಊತ ಇಳಿಸಲು ಡೆಕ್ಸಾಮೆಥಾಸೋನ್. ಅಮೆರಿಕದಲ್ಲಿ 1962ರಿಂದ 2024ರವರೆಗೆ ದಾಖಲಾದ 167 ಜನರಲ್ಲಿ ಉಳಿದವರು ನಾಲ್ವರು. 2024ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗನೊಬ್ಬ ಬದುಕುಳಿದ. ಅವನ ವಿಷಯದಲ್ಲೂ ಬೇಗ ಗುರುತಿಸಿ ಬೇಗ ಔಷಧ ಶುರುಮಾಡಿದ್ದೇ ಎದ್ದು ಕಾಣುವ ಅಂಶ.

ಅಕಾಂತಮೀಬಾ: ಎರಡು ಬಾಗಿಲು, ಎರಡು ರೋಗ

ಮೊದಲ ದಾರಿ ಚರ್ಮದ ಗಾಯ ಅಥವಾ ಶ್ವಾಸಕೋಶ, ಅಲ್ಲಿಂದ ರಕ್ತದ ಮೂಲಕ ಮಿದುಳಿಗೆ. ಮೂಗಿನ ದಾರಿಯೂ ಸಾಧ್ಯ. ಇದಕ್ಕೆ ಗ್ರ್ಯಾನ್ಯುಲೋಮಾಟಸ್ ಅಮೀಬಿಕ್ ಎನ್ಸೆಫಲೈಟಿಸ್ ಎಂದು ಹೆಸರು. ಬಹುಪಾಲು ರೋಗಿಗಳು ರೋಗನಿರೋಧಕ ಶಕ್ತಿ ಕುಂದಿದವರು: ಅಂಗಾಂಗ ಕಸಿಯಾದವರು, ಎಚ್‌ಐವಿ ಇರುವವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು. ವಾರ, ತಿಂಗಳುಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಮೂತ್ರಪಿಂಡ ಕಸಿಯಾದವರೊಬ್ಬರಿಗೆ ಕಾಲಿನ ಹುಣ್ಣು ತಿಂಗಳುಗಳಿಂದ ಮಾಯದೆ, ಈಗ ಫಿಟ್ಸ್ ಮತ್ತು ಒಂದು ಕಡೆ ಶಕ್ತಿಹೀನತೆ ಬಂದಿದ್ದರೆ, ಎಂಆರ್‌ಐನಲ್ಲಿ ಹಲವು ಉಂಗುರದಂಥ ಗಾಯಗಳು ಕಂಡರೆ, ನಮ್ಮಲ್ಲಿ ಮೊದಲು ಕ್ಷಯ ಅಥವಾ ಟಾಕ್ಸೋಪ್ಲಾಸ್ಮಾ ನೆನಪಾಗುತ್ತದೆ. ಬೆನ್ನುಹುರಿ ದ್ರವದಲ್ಲಿ ಲಿಂಫೋಸೈಟ್ ಹೆಚ್ಚು, ಅಮೀಬಾ ಮಾತ್ರ ಸಿಗುವುದು ಅಪರೂಪ. ಆ ಹುಣ್ಣಿನ ಅಂಚಿನ ಬಯಾಪ್ಸಿಯೇ ಇಲ್ಲಿ ಸುಲಭದ ದಾರಿ. ಟ್ರೋಫೋಜೋಯಿಟ್, ಸಿಸ್ಟ್ ಎರಡೂ ಅಲ್ಲಿ ಸಿಗಬಹುದು. ಹೆಸರಿನಲ್ಲಿ ಗ್ರ್ಯಾನ್ಯುಲೋಮಾ ಇದೆ ಎಂದು ಅದನ್ನೇ ಹುಡುಕಿ ಕೂರಬೇಡಿ. ಅದನ್ನು ಕಟ್ಟುವುದು ರೋಗಿಯ ಟಿ ಕೋಶಗಳು; ಅವೇ ಕುಸಿದಿದ್ದರೆ ಗ್ರ್ಯಾನ್ಯುಲೋಮಾ ಇರುವುದೇ ಇಲ್ಲ. ಸಾವಿನ ಪ್ರಮಾಣ ಇಲ್ಲೂ ಬಹಳ ಹೆಚ್ಚು.

ಎರಡನೆಯ ಬಾಗಿಲು ಕಣ್ಣಿನ ಕಾರ್ನಿಯಾ. ಇಲ್ಲಿ ರೋಗಿ ಪೂರ್ತಿ ಆರೋಗ್ಯವಂತ. ಪಾಶ್ಚಾತ್ಯ ಪಠ್ಯಗಳು ಕಾಂಟ್ಯಾಕ್ಟ್ ಲೆನ್ಸ್ ಒಂದನ್ನೇ ಎತ್ತಿ ಹೇಳುತ್ತವೆ. ಭಾರತದಲ್ಲಿ ಹೆಚ್ಚಿನವರು ಲೆನ್ಸ್ ಹಾಕದವರು. ಕಣ್ಣಿಗೆ ಮಣ್ಣು, ಹೊಟ್ಟು, ಗರಿ ತಾಗಿ, ಕೊಳಕು ನೀರಲ್ಲಿ ಕಣ್ಣು ತೊಳೆದವರು. ಆದ್ದರಿಂದ ಜೋಳ ಒಕ್ಕುವಾಗ ಕಣ್ಣಿಗೆ ಕಸ ಬಿದ್ದ ರೈತರಿಗೆ ‘ಲೆನ್ಸ್ ಹಾಕ್ತೀರಾ?’ ಎಂದಷ್ಟೇ ಕೇಳಿ ಬಿಟ್ಟರೆ ರೋಗನಿರ್ಣಯ ತಪ್ಪಿಹೋಗುತ್ತದೆ.

ಕಣ್ಣಲ್ಲಿ ಕಾಣುವ ಗಾಯಕ್ಕಿಂತ ನೋವು ಬಹಳ ಹೆಚ್ಚು ಎಂಬುದು ಪ್ರಸಿದ್ಧ ಲಕ್ಷಣ. ಅಮೀಬಾ ಕಾರ್ನಿಯಾದ ನರಗಳ ಗುಂಟ ಸೇರಿಕೊಳ್ಳುವುದೇ ಅದಕ್ಕೆ ಕಾರಣ. ಆದರೆ ನೋವು ಕಡಿಮೆ ಇರುವ ರೋಗಿಗಳೂ ಇದ್ದಾರೆ. ಶುರುವಿನಲ್ಲಿ ಹರ್ಪಿಸ್‌ನಂತೆ ಕಾಣುತ್ತದೆ. ಉಂಗುರದಂಥ ಬಿಳಿ ಕಲೆ ತಡವಾಗಿ ಬರುತ್ತದೆ. ಹರ್ಪಿಸ್ ಎಂದುಕೊಂಡು ಸ್ಟೀರಾಯ್ಡ್ ಹನಿ ಹಾಕಿದರೆ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಅಮೀಬಾ ಆಳಕ್ಕಿಳಿಯುತ್ತದೆ.

ಕಾರ್ನಿಯಾ ಕೆರೆದ ಮಾದರಿಯನ್ನು ಕೆಒಎಚ್ ಮತ್ತು ಕ್ಯಾಲ್ಕೋಫ್ಲೋರ್ ವೈಟ್ ಹಾಕಿ ನೋಡಿದರೆ ಸಿಸ್ಟ್‌ಗಳು ಹೊಳೆಯುತ್ತವೆ. ಬೆಳೆಸಲು ಪೋಷಕಾಂಶವಿಲ್ಲದ ಅಗರ್ ಮೇಲೆ ಇ. ಕೋಲಿ ಪದರ ಹಚ್ಚಬೇಕು. ಬ್ಯಾಕ್ಟೀರಿಯಾ ತಿನ್ನುತ್ತಾ ಅಮೀಬಾ ಸಾಗಿದ ಜಾಡು ಒಂದರಿಂದ ಮೂರು ದಿನದಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಸಾಮಾನ್ಯ ಬ್ಲಡ್ ಅಗರ್‌ಗೆ ಮಾತ್ರ ಹಾಕಿ ‘ಬೆಳೆಯಲಿಲ್ಲ’ ಎಂದು ಬರೆದರೆ ಆ ವರದಿಯಿಂದ ಏನೂ ತಿಳಿಯದು.

ಚಿಕಿತ್ಸೆ ಶೇ. 0.02ರ ಪಿಎಚ್‌ಎಂಬಿ ಅಥವಾ ಶೇ. 0.02ರ ಕ್ಲೋರ್‌ಹೆಕ್ಸಿಡಿನ್ ಹನಿ. ಮೊದಲ ಎರಡು ದಿನ ಹಗಲು ರಾತ್ರಿ ಗಂಟೆಗೊಮ್ಮೆ, ಆಮೇಲೆ ನಿಧಾನಕ್ಕೆ ಇಳಿಸುತ್ತಾ ತಿಂಗಳುಗಟ್ಟಲೆ. ನೋವು ಹೋಯಿತೆಂದು ನಡುವೆ ಬಿಟ್ಟರೆ ಉಳಿದ ಸಿಸ್ಟ್‌ಗಳು ಮತ್ತೆ ಟ್ರೋಫೋಜೋಯಿಟ್ ಆಗುತ್ತವೆ. ಜೀವಕ್ಕೆ ಅಪಾಯವಿಲ್ಲ, ದೃಷ್ಟಿಗೆ ಇದೆ. ಕೆಲವರಿಗೆ ಕಾರ್ನಿಯಾ ಕಸಿಯೇ ಬೇಕಾಗುತ್ತದೆ.

ಕೊನೆಗೆ, ಸಹಪಾಠಿಗಳು ಪದೇ ಪದೇ ಕೇಳುವ ಪ್ರಶ್ನೆ: ಕಣ್ಣಿನಿಂದ ಅದು ಮಿದುಳಿಗೆ ಯಾಕೆ ಹೋಗುವುದಿಲ್ಲ? ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅಕಾಂತಮೀಬಾಕ್ಕೆ ಮಿದುಳಿನ ಮುಖ್ಯ ದಾರಿಯೇ ರಕ್ತ. ಕಾರ್ನಿಯಾ ದಾಟಿ ಕಣ್ಣಿನೊಳಗೆ ಇಳಿದರೂ ಆರೋಗ್ಯವಂತರಲ್ಲಿ ನ್ಯೂಟ್ರೋಫಿಲ್ ಮತ್ತು ಮ್ಯಾಕ್ರೋಫೇಜ್‌ಗಳು ಅದನ್ನು ಅಲ್ಲೇ ತಡೆಯುತ್ತವೆ. ಹಾಗಾಗಿ ಅಕಾಂತಮೀಬಾ ಕೆರಟೈಟಿಸ್ ಇರುವ ಆರೋಗ್ಯವಂತ ರೋಗಿಗೆ ತಲೆನೋವು ಬಂದರೆ ಮೊದಲು ಕಣ್ಣಿನ ಒತ್ತಡ ಅಳೆಯಿರಿ. ಈ ರೋಗದಲ್ಲಿ ಗ್ಲಾಕೋಮಾ ಬರುವುದು ಅದು ಮಿದುಳಿಗೆ ಹೋಗುವುದಕ್ಕಿಂತ ಎಷ್ಟೋ ಸಾಮಾನ್ಯ.